ಅಪ್ಪನ ಸಾಲವನ್ನು ಯಾರು ತೀರಿಸಬೇಕು?

ಮನೆಯ ಯಜಮಾನರು ತೀರಿಕೊಂಡು ತಿಥಿ ಮುಗಿಯುವಷ್ಟರಲ್ಲೇ ಸಾಲ ಕೊಟ್ಟವರು ಒಬ್ಬೊಬ್ಬರಾಗಿ ವಿಚಾರಿಸತೊಡಗುತ್ತಾರೆ. ಬ್ಯಾಂಕಿನಿಂದ ಫೋನು ಬರುತ್ತದೆ, ಸೊಸೈಟಿಯಿಂದ ನೋಟೀಸು ಬರುತ್ತದೆ, ಕೈಸಾಲ ಕೊಟ್ಟವರು ಮನೆಗೇ ಬಂದು ಕೂರುತ್ತಾರೆ. ಆಗ ಹೆಂಡತಿ ಮಕ್ಕಳನ್ನು ಕಾಡುವ ಪ್ರಶ್ನೆ ಒಂದೇ: ಇದನ್ನೆಲ್ಲ ನಾವು ಕಟ್ಟಲೇಬೇಕೆ?

ವಕೀಲಿ ವೃತ್ತಿಯಲ್ಲಿ ಈ ಪ್ರಶ್ನೆ ಹಿಡಿದು ನನ್ನ ಬಳಿ ಬರುವವರಲ್ಲಿ ಎರಡು ಬಗೆಯವರನ್ನು ಕಾಣುತ್ತೇನೆ. ಕೆಲವರು ಹೆದರಿ, ತಮ್ಮ ಒಡವೆ ಮಾರಿ, ತಮ್ಮ ಹೆಸರಿನಲ್ಲಿ ಹೊಸ ಸಾಲ ಎತ್ತಿ, ಕಟ್ಟಬೇಕಿಲ್ಲದ ಹಣವನ್ನು ಕಟ್ಟಿ ಬಂದಿರುತ್ತಾರೆ. ಇನ್ನು ಕೆಲವರು ಸತ್ತವರ ಜೊತೆಗೆ ಸಾಲವೂ ಸತ್ತಿತು ಎಂದು ನಂಬಿ, ಅಪ್ಪನ ಆಸ್ತಿಯನ್ನು ಹಂಚಿಕೊಂಡು, ನ್ಯಾಯಾಲಯದ ಸಮನ್ಸನ್ನು ಒಡೆದೂ ನೋಡದೆ ಬೀರುವಿನಲ್ಲಿ ಇಟ್ಟುಬಿಟ್ಟಿರುತ್ತಾರೆ. ಇಬ್ಬರಿಗೂ ನಷ್ಟವೇ. ಸಾಲ ಸಾಯುವುದಿಲ್ಲ, ಆದರೆ ಅದು ಮಕ್ಕಳ ತಲೆಗೂ ಬರುವುದಿಲ್ಲ. ಅದು ಸತ್ತವರ ಆಸ್ತಿಯ ಮೇಲೆ ನಿಲ್ಲುತ್ತದೆ. ಅದರ ಜೊತೆಗೆ, ಸಾಲದ ಕಾಗದಕ್ಕೆ ಯಾರು ಸಹಿ ಹಾಕಿದ್ದಾರೋ ಅವರ ಮೇಲೆ ನಿಲ್ಲುತ್ತದೆ.

ಹಾಗಾಗಿ ಯಾವುದೇ ಸಾಲ ಎದುರಿಗೆ ಬಂದರೂ ಎರಡು ಪ್ರಶ್ನೆ ಕೇಳಿಕೊಳ್ಳಬೇಕು. ತೀರಿಹೋದವರ ಆಸ್ತಿಯಲ್ಲಿ ನನ್ನ ಕೈಗೆ ಬಂದದ್ದು ಎಷ್ಟು? ಈ ಸಾಲದ ಕಾಗದದಲ್ಲಿ ನನ್ನ ಸಹಿ ಇದೆಯೆ, ಇದ್ದರೆ ಯಾವ ಹೆಸರಿನ ಕೆಳಗಿದೆ? ಇವತ್ತಿನ ಮಾತೆಲ್ಲ ಈ ಎರಡು ಪ್ರಶ್ನೆಗಳ ಸುತ್ತ.

ಮೊದಲನೆಯ ಪ್ರಶ್ನೆ ತೆಗೆದುಕೊಳ್ಳೋಣ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 50ನೇ ಕಲಂ ಇದನ್ನು ನೇರವಾಗಿ ಹೇಳುತ್ತದೆ. ಡಿಕ್ರಿಯ ಹಣ ಕೊಡಬೇಕಾದವರು ತೀರಿಕೊಂಡರೆ ಅವರ ವಾರಸುದಾರರ ಮೇಲೆ ಅಮಲ್ಜಾರಿ ಮಾಡಬಹುದು. ಆದರೆ ಮೃತರ ಆಸ್ತಿ ವಾರಸುದಾರರ ಕೈಗೆ ಎಷ್ಟು ಬಂದಿದೆಯೋ, ಬಂದದ್ದರಲ್ಲಿ ಸರಿಯಾದ ರೀತಿಯಲ್ಲಿ ಖರ್ಚಾಗದೆ ಎಷ್ಟು ಉಳಿದಿದೆಯೋ ಅಷ್ಟರ ಮಟ್ಟಿಗೆ ಮಾತ್ರ. ಸಾಲಗಾರರು ತೀರಿಕೊಂಡ ಮೇಲೆ ಹೊಸದಾಗಿ ದಾವೆ ಹೂಡಿದರೂ ಮಿತಿ ಇದೇ. ಅಪ್ಪನಿಂದ 2 ಲಕ್ಷ ಬಂದಿದ್ದು, ಸಾಲ 10 ಲಕ್ಷ ಇದ್ದರೆ ಹೊಣೆ 2 ಲಕ್ಷಕ್ಕೆ ನಿಂತುಹೋಗುತ್ತದೆ. ಏನೂ ಬರದಿದ್ದರೆ ಕೊಡಬೇಕಾದದ್ದೂ ಏನೂ ಇಲ್ಲ. ಮಗನ ಸಂಬಳ, ಮಗಳ ಸ್ವಂತ ಮನೆ, ತಾಯಿಯ ಸ್ತ್ರೀಧನದ ಒಡವೆ ಇವುಗಳಿಗೆ ಕೈಹಾಕಲು ಬರುವುದಿಲ್ಲ.

‘ಅಪ್ಪನ ಸಾಲ ತೀರಿಸುವುದು ಮಗನ ಧರ್ಮ ಅಲ್ಲವೆ’ ಎಂದು ಹಿರಿಯರು ಕೇಳುತ್ತಾರೆ. ಹಿಂದಿನ ಹಿಂದೂ ಕಾನೂನಿನಲ್ಲಿ ಅದು ಧರ್ಮವಷ್ಟೇ ಆಗಿರಲಿಲ್ಲ. ಮಗ, ಮೊಮ್ಮಗ, ಮರಿಮಗ ಮೂವರ ಮೇಲೂ ಧಾರ್ಮಿಕ ಹೊಣೆ ಎಂಬುದೊಂದಿತ್ತು. ಅದರ ಆಧಾರದ ಮೇಲೆ ಸಾಲ ಕೊಟ್ಟವರು ಒಟ್ಟು ಕುಟುಂಬದ ಆಸ್ತಿಯಲ್ಲಿ ಮಗನಿಗಿದ್ದ ಪಾಲಿನವರೆಗೂ ಹೋಗಬಹುದಿತ್ತು. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ಬಂದಾಗ, ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟ ಅದೇ 6ನೇ ಕಲಂನಲ್ಲಿ ಈ ಹೊಣೆಯನ್ನೂ ಕಿತ್ತುಹಾಕಲಾಯಿತು. 2005ರ ಸೆಪ್ಟೆಂಬರ್ 9ರ ನಂತರ ಮಾಡಿದ ಸಾಲಕ್ಕೆ, ‘ನೀನು ಮಗ’ ಎಂಬ ಒಂದೇ ಕಾರಣ ಹಿಡಿದು ಯಾವ ನ್ಯಾಯಾಲಯವೂ ವಸೂಲಿಗೆ ಅವಕಾಶ ಕೊಡುವಂತಿಲ್ಲ. ಅದಕ್ಕಿಂತ ಹಿಂದಿನ ಸಾಲಗಳಿಗೆ ಹಳೆಯ ನಿಯಮ ಉಳಿದಿದೆ. ಮುಸ್ಲಿಂ ಕಾನೂನಿನಲ್ಲೂ ಮೊದಲು ಮೃತರ ಸಾಲ, ಆಮೇಲೆ ವಾರಸುದಾರರ ಪಾಲು. ವಾರಸುದಾರರ ಹೊಣೆ ತಮ್ಮ ಕೈಗೆ ಬಂದ ಪಾಲನ್ನು ಮೀರುವುದಿಲ್ಲ.

ಅಡಮಾನ ಇಟ್ಟ ಆಸ್ತಿಯ ವಿಚಾರ ಸ್ವಲ್ಪ ಬೇರೆ. ಮನೆ ಅಥವಾ ಜಮೀನನ್ನು ಆಧಾರ ಮಾಡಿ ಸಾಲ ಪಡೆದಿದ್ದರೆ ಸಾಲ ಆ ಆಸ್ತಿಗೇ ಅಂಟಿಕೊಂಡಿರುತ್ತದೆ. ಪೌತಿ ಖಾತೆಯಾಗಿ ಪಹಣಿಯಲ್ಲಿ ಮಕ್ಕಳ ಹೆಸರು ಕೂತರೂ ಋಣದ ಕಾಲಂನಲ್ಲಿರುವ ಬ್ಯಾಂಕಿನ ಹೆಸರು ಹಾಗೇ ಇರುತ್ತದೆ. ಮಕ್ಕಳು ಸಾಲ ತೀರಿಸಿ ಆಸ್ತಿ ಉಳಿಸಿಕೊಳ್ಳಬಹುದು, ಇಲ್ಲವೆ ಬಿಟ್ಟುಕೊಡಬಹುದು. ಚಿನ್ನದ ಸಾಲವೂ ಹೀಗೆಯೇ. ಒಡವೆ ಬಿಡಿಸಿಕೊಳ್ಳದಿದ್ದರೆ ಹರಾಜಾಗುತ್ತದೆ. ಹರಾಜಿನಲ್ಲಿ ಸಾಲ ಕಳೆದು ಹಣ ಉಳಿದರೆ ಅದು ವಾರಸುದಾರರಿಗೆ ಸೇರಬೇಕು.

ಮೃತರಿಗೆ ಸಂಬಂಧಪಟ್ಟ ಹಣವೆಲ್ಲ ಸಾಲ ಕೊಟ್ಟವರಿಗೆ ಸಿಗುತ್ತದೆ ಎಂದೂ ಅಲ್ಲ. ಭವಿಷ್ಯ ನಿಧಿಯಲ್ಲಿದ್ದ ಹಣ ನಾಮಿನಿಗೆ ಸಂದಾಯವಾಗುವಾಗ ಮೃತರ ಸಾಲದಿಂದ ಮುಕ್ತ ಎಂದು ಭವಿಷ್ಯ ನಿಧಿಯ ಕಾನೂನು ಹೇಳುತ್ತದೆ. 1874ರ ವಿವಾಹಿತ ಸ್ತ್ರೀಯರ ಆಸ್ತಿ ಕಾಯ್ದೆಯಡಿ ಹೆಂಡತಿ ಮಕ್ಕಳ ಹಿತಕ್ಕೆಂದು ಬರೆಸಿದ ಜೀವವಿಮೆ ಪಾಲಿಸಿಯ ಹಣವೂ ಸಾಲ ಕೊಟ್ಟವರ ಕೈಗೆ ಸಿಗುವುದಿಲ್ಲ.

ಈಗ ಎರಡನೆಯ ಪ್ರಶ್ನೆ, ಸಹಿಯದು. ಸಾಲದ ಕಾಗದದಲ್ಲಿ ಸಾಲಗಾರರ ಸಹಿಯ ಜೊತೆಗೆ ಬೇರೆಯವರ ಸಹಿ ಮೂರು ರೀತಿಯಲ್ಲಿ ಇರಬಹುದು: ಸಾಕ್ಷಿಯಾಗಿ, ಜಾಮೀನುದಾರರಾಗಿ, ಸಹಸಾಲಗಾರರಾಗಿ. ಸಾಕ್ಷಿಗೆ ಹಣದ ಹೊಣೆ ಇಲ್ಲ. ಇವರು ನನ್ನೆದುರು ಸಹಿ ಹಾಕಿದರು ಎನ್ನುವುದಷ್ಟೇ ಆತ ಹೇಳುವ ಮಾತು. ಉಳಿದ ಇಬ್ಬರ ಹೊಣೆ ಸಾಲಗಾರರ ಸಾವಿನೊಂದಿಗೆ ಮುಗಿಯುವುದಿಲ್ಲ, ಅವರಿಗೆ ಬಂದ ಆಸ್ತಿಯ ಮಿತಿಯೂ ಇಲ್ಲ. ಅವರು ತಮ್ಮ ಸ್ವಂತ ಹಣದಿಂದಲೇ ಕೊಡಬೇಕಾಗುತ್ತದೆ.

ಸಹಸಾಲಗಾರ ಎಂದರೆ ಆತನೂ ಸಾಲಗಾರನೇ. ಹಣ ಅಪ್ಪನ ಖಾತೆಗೆ ಹೋಗಿರಬಹುದು, ಕಂತನ್ನೆಲ್ಲ ಅಪ್ಪನೇ ಕಟ್ಟಿರಬಹುದು. ಆದರೂ ಮೊದಲ ದಿನದಿಂದಲೇ ಪೂರ್ತಿ ಸಾಲ ಅವನದೂ ಹೌದು. 1872ರ ಕರಾರು ಕಾಯ್ದೆಯ 43ನೇ ಕಲಂ ಪ್ರಕಾರ, ಜೊತೆಯಾಗಿ ಮಾತು ಕೊಟ್ಟವರಲ್ಲಿ ಯಾರೊಬ್ಬರನ್ನಾದರೂ ಹಿಡಿದು ಪೂರ್ತಿ ಹಣ ಕೇಳಬಹುದು. ಅಪ್ಪ ತೀರಿಕೊಂಡ ತಿಂಗಳಲ್ಲೂ ಕಂತು ನಿಲ್ಲುವಂತಿಲ್ಲ. ಗೃಹಸಾಲ ಕೊಡುವಾಗ ಅಪ್ಪನ ವರಮಾನ ಸಾಲದೆಂದು ಮಗನ ಸಂಬಳವನ್ನೂ ಸೇರಿಸಿ ಲೆಕ್ಕ ಹಾಕುತ್ತಾರೆ. ಹಾಗೆ ಸೇರಿಸಿದ ಮಗ ಸಹಸಾಲಗಾರ. ಮನೆಯ ಪತ್ರದಲ್ಲಿ ಅವನ ಹೆಸರು ಇರಲೇಬೇಕೆಂದಿಲ್ಲ. ಸಾಲದಲ್ಲಿ ಪೂರ್ತಿ ಹೊಣೆ ಹೊತ್ತ ಮಗನಿಗೆ, ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ಅಣ್ಣತಮ್ಮ, ಅಕ್ಕತಂಗಿ, ತಾಯಿ ಎಲ್ಲರ ಜೊತೆ ಒಂದು ಪಾಲು ಮಾತ್ರ ಸಿಕ್ಕಿ ಜಗಳ ಹುಟ್ಟುವುದು ಇಲ್ಲಿಯೇ.

ಜಾಮೀನುದಾರ ಸಾಲಗಾರನಲ್ಲ. ಸಾಲಗಾರ ಕೊಡದಿದ್ದರೆ ನಾನು ಕೊಡುತ್ತೇನೆ ಎಂದು ಮಾತು ಕೊಟ್ಟವನು. ಕೇಳಲು ಇದು ಹಗುರವಾಗಿದೆ. ಆದರೆ ಕರಾರು ಕಾಯ್ದೆಯ 128ನೇ ಕಲಂ, ಕರಾರಿನಲ್ಲಿ ಬೇರೆ ರೀತಿ ಬರೆದಿಲ್ಲದಿದ್ದರೆ, ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ ಎನ್ನುತ್ತದೆ. ‘ಮೊದಲು ಅವರ ಆಸ್ತಿ ಮಾರಿಸಿ, ಆಮೇಲೆ ನನ್ನ ಹತ್ತಿರ ಬನ್ನಿ’ ಎಂದು ಜಾಮೀನುದಾರ ಬ್ಯಾಂಕಿಗೆ ಹೇಳುವಂತಿಲ್ಲ. 1968ರಲ್ಲಿ ಬ್ಯಾಂಕ್ ಆಫ್ ಬಿಹಾರ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟಪಡಿಸಿತು: ಸಾಲಗಾರನ ಮೇಲಿನ ಎಲ್ಲ ದಾರಿಯೂ ಮುಗಿಯುವ ತನಕ ಬ್ಯಾಂಕು ಕಾಯಬೇಕೆಂದರೆ ಜಾಮೀನಿನ ಉದ್ದೇಶವೇ ಹಾಳಾಗುತ್ತದೆ.

ಹಾಗಾದರೆ ಇಬ್ಬರಿಗೂ ವ್ಯತ್ಯಾಸ ಎಲ್ಲಿ? ಬ್ಯಾಂಕಿನ ಕಡೆಯಿಂದ ನೋಡಿದರೆ ಹೆಚ್ಚು ಕಾಣುವುದಿಲ್ಲ. ಹಣ ಕಟ್ಟಿದ ಮರುದಿನ ಕಾಣುತ್ತದೆ. ಜಾಮೀನುದಾರ ಸಾಲ ತೀರಿಸಿದ ಕ್ಷಣ ಬ್ಯಾಂಕಿಗಿದ್ದ ಹಕ್ಕೆಲ್ಲ ಅವನಿಗೆ ಬರುತ್ತದೆ. ಅಡಮಾನವಿದ್ದರೆ ಅದರ ಹಕ್ಕೂ ಅವನದೇ. ತಾನು ನ್ಯಾಯವಾಗಿ ಕಟ್ಟಿದ ಪೂರ್ತಿ ಹಣವನ್ನು ಸಾಲಗಾರನಿಂದ, ಸಾಲಗಾರ ಇಲ್ಲದಿದ್ದರೆ ಅವನು ಬಿಟ್ಟುಹೋದ ಆಸ್ತಿಯಿಂದ ವಸೂಲು ಮಾಡಬಹುದು. ಇಬ್ಬರು ಜಾಮೀನುದಾರರಿದ್ದರೆ ಅವರವರಲ್ಲಿ ಸಮಪಾಲು. ಸಹಸಾಲಗಾರನಿಗೆ ಹೀಗೆ ಪೂರ್ತಿ ಹಣ ಕೇಳುವ ಹಕ್ಕು ಸಾಮಾನ್ಯವಾಗಿ ಇಲ್ಲ. ಸಾಲ ಅವನದೂ ಆಗಿದ್ದರಿಂದ ಇನ್ನೊಬ್ಬರ ಪಾಲಿಗೆ ಬೀಳುವಷ್ಟನ್ನು ಮಾತ್ರ ಕೇಳಬಹುದು.

ಇನ್ನೂ ಒಂದು ವ್ಯತ್ಯಾಸವಿದೆ. ಜಾಮೀನುದಾರನ ಒಪ್ಪಿಗೆ ಇಲ್ಲದೆ ಸಾಲದ ಷರತ್ತನ್ನು ಬದಲಿಸಿದರೆ, ಬದಲಾವಣೆಯ ನಂತರದ ವ್ಯವಹಾರಕ್ಕೆ ಅವನು ಹೊಣೆಯಲ್ಲ. ಆಧಾರವಾಗಿದ್ದ ವಸ್ತುವನ್ನು ಬ್ಯಾಂಕು ಅವನಿಗೆ ತಿಳಿಸದೆ ಬಿಟ್ಟುಕೊಟ್ಟರೆ ಅದರ ಬೆಲೆಯಷ್ಟು ಹೊಣೆ ಕಡಿಮೆಯಾಗುತ್ತದೆ. ಸಹಸಾಲಗಾರನಿಗೆ ಇಂಥ ರಕ್ಷಣೆ ಇಲ್ಲ. ಆದರೆ ಬ್ಯಾಂಕುಗಳ ಅಚ್ಚುಹಾಕಿದ ಜಾಮೀನು ಪತ್ರಗಳಲ್ಲಿ ‘ಈ ಹಕ್ಕುಗಳನ್ನು ನಾನು ಬಿಟ್ಟುಕೊಟ್ಟಿದ್ದೇನೆ’ ಎಂಬ ಸಾಲು ಎಷ್ಟೋ ಸಲ ಸೇರಿರುತ್ತದೆ. ಆದ್ದರಿಂದ ಪತ್ರ ಓದದೆ ಈ ರಕ್ಷಣೆಯನ್ನು ನೆಚ್ಚಿಕೊಳ್ಳುವಂತಿಲ್ಲ.

ನಾವು ಯಾವ ರೀತಿ ಸಹಿ ಹಾಕಿದ್ದೇವೆ ಎಂದು ನೆನಪಿಲ್ಲದಿದ್ದರೆ ತಿಳಿಯುವ ದಾರಿ ಇದೆ. ಸಾಲದ ಮಂಜೂರಾತಿ ಪತ್ರ ಮತ್ತು ಕರಾರು ಪತ್ರದ ನಕಲನ್ನು ಲಿಖಿತವಾಗಿ ಕೇಳಿ ಪಡೆಯಬೇಕು. ಸಹಿಯ ಕೆಳಗೆ ಏನೆಂದು ಅಚ್ಚಾಗಿದೆ ನೋಡಬೇಕು. ಕ್ರೆಡಿಟ್ ವರದಿಯಲ್ಲೂ ಪ್ರತಿ ಸಾಲದ ಎದುರು ಅದು ಒಬ್ಬರದೋ, ಜಾಯಿಂಟೋ, ಗ್ಯಾರಂಟರೋ ಎಂದು ನಮೂದಾಗಿರುತ್ತದೆ. ಪ್ರತಿಯೊಂದು ಕ್ರೆಡಿಟ್ ಮಾಹಿತಿ ಸಂಸ್ಥೆಯಿಂದ ವರ್ಷಕ್ಕೆ ಒಂದು ಪೂರ್ಣ ವರದಿಯನ್ನು ಉಚಿತವಾಗಿ ಪಡೆಯಬಹುದು.

ಇದೆಲ್ಲ ಒಂದು ಮನೆಯಲ್ಲಿ ಹೇಗೆ ನಡೆಯುತ್ತದೆ ಎಂದು ನೋಡೋಣ. ನಾನು ಹೇಳುವುದು ಉದಾಹರಣೆಗಾಗಿ ಕಟ್ಟಿಕೊಂಡ ಕುಟುಂಬ. ಆದರೆ ಇಂಥ ಮನೆಗಳು ನಮ್ಮ ಪ್ರತಿ ತಾಲ್ಲೂಕಿನಲ್ಲೂ ಇವೆ. ಹಾಸನ ಜಿಲ್ಲೆಯ ಒಂದು ಸಣ್ಣ ಊರು. ಬಾಡಿಗೆ ಮಳಿಗೆಯಲ್ಲಿ ದಿನಸಿ ಅಂಗಡಿ ಇಟ್ಟಿದ್ದವರು ತೀರಿಕೊಂಡಿದ್ದಾರೆ. ಹೆಂಡತಿ, ಒಬ್ಬ ಮಗ, ಮದುವೆಯಾದ ಒಬ್ಬ ಮಗಳು ಇದ್ದಾರೆ. ಸ್ವಂತ ಮನೆ ಇಲ್ಲ, ಜಮೀನಿಲ್ಲ.

ಅವರು ಬಿಟ್ಟುಹೋದದ್ದು ಇಷ್ಟು. ಉಳಿತಾಯ ಖಾತೆಯಲ್ಲಿ 70,000 ರೂಪಾಯಿ. ಮಳಿಗೆಯ ಅಡ್ವಾನ್ಸು ವಾಪಸು ಬಂದದ್ದು 50,000. ಅಂಗಡಿಯ ಸಾಮಾನನ್ನು ಒಟ್ಟಾಗಿ ಮಾರಿದಾಗ ಬಂದದ್ದು 1 ಲಕ್ಷ. ಒಟ್ಟು 2,20,000. ಇದರಲ್ಲಿ ಅಂತ್ಯಕ್ರಿಯೆಗೂ ಕೊನೆಯ ದಿನಗಳ ಆಸ್ಪತ್ರೆಗೂ 40,000 ಹೋಗಿದೆ. ತಕ್ಕಮಟ್ಟಿನ ಅಂತ್ಯಕ್ರಿಯೆ, ಸಾವಿಗೆ ಮುಂಚಿನ ಒಂದು ತಿಂಗಳ ಚಿಕಿತ್ಸೆ ಇವುಗಳ ಖರ್ಚನ್ನು ಎಲ್ಲ ಸಾಲಗಳಿಗಿಂತ ಮೊದಲು ಕೊಡಬೇಕು ಎಂದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಹೇಳುತ್ತದೆ. ಹಾಗಾಗಿ ಸಾಲಕ್ಕೆ ಸಿಗುವ ಹಣ 1,80,000.

ಸಾಲ ನಾಲ್ಕು. ಬ್ಯಾಂಕಿನ ವೈಯಕ್ತಿಕ ಸಾಲ 4 ಲಕ್ಷ. ಆಧಾರವೂ ಇಲ್ಲ, ಬೇರೆಯವರ ಸಹಿಯೂ ಇಲ್ಲ. ಸಹಕಾರ ಸಂಘದ ಸಾಲ 1 ಲಕ್ಷ. ಪಕ್ಕದ ಮನೆಯವರು ಜಾಮೀನು. ಪರಿಚಿತರೊಬ್ಬರ ಕೈಸಾಲ 1 ಲಕ್ಷ. ಎರಡು ವರ್ಷದ ಹಿಂದಿನ ಪ್ರೋನೋಟು ಇದೆ. ನಾಲ್ಕನೆಯದು ಗೂಡ್ಸ್ ಆಟೊ ಮೇಲಿನ ಸಾಲ, ಬಾಕಿ 2,50,000, ಮಗ ಸಹಸಾಲಗಾರ.

ಆಟೊದಿಂದ ಶುರು ಮಾಡೋಣ. ಮಗನಿಗೆ ಬೇರೆ ಊರಿನಲ್ಲಿ ಕೆಲಸ. ಆಟೊ ಇಟ್ಟುಕೊಳ್ಳಲು ಆಗುವುದಿಲ್ಲ. ಫೈನಾನ್ಸ್ ಕಂಪನಿ ಅದನ್ನು ತೆಗೆದುಕೊಂಡು ಮಾರಿದಾಗ 1,90,000 ಬಂತು. ಉಳಿದ 60,000 ರೂಪಾಯಿಗೆ ಕಂಪನಿ ನೇರವಾಗಿ ಮಗನನ್ನೇ ಕೇಳುತ್ತದೆ. ಅವನು ಸಹಿ ಹಾಕದೆ ಇದ್ದಿದ್ದರೆ ಆ 60,000ಕ್ಕೆ ಕಂಪನಿಯೂ ಉಳಿದವರ ಜೊತೆ ಅಪ್ಪ ಬಿಟ್ಟುಹೋದ ಹಣದ ಮುಂದೆ ಸಾಲಿನಲ್ಲಿ ನಿಲ್ಲಬೇಕಾಗಿತ್ತು. ಸಹಿ ಇರುವುದರಿಂದ ಮಗ ತನ್ನ ಸಂಬಳದಿಂದ ಕಟ್ಟಬೇಕು. ಅಪ್ಪನ ಪಾಲನ್ನು ಅಪ್ಪನ ಹಣದಿಂದ ಕೇಳುವ ಹಕ್ಕು ಅವನಿಗಿದೆ. ಆದರೆ ಆ ಹಣವೇ ಸಾಲದಾಗಿದೆ. ಅವನು ಅದನ್ನು ಕೇಳದೆ ಬಿಟ್ಟ ಎಂದು ಇಟ್ಟುಕೊಳ್ಳೋಣ.

ಉಳಿದದ್ದು ಮೂರು ಸಾಲ, ಒಟ್ಟು 6 ಲಕ್ಷ. ಕೈಯಲ್ಲಿರುವುದು 1,80,000. ಯಾರಿಗೆ ಕೊಡುವುದು? ಹೆಚ್ಚಿನ ಮನೆಗಳಲ್ಲಿ, ಯಾರು ಜೋರಾಗಿ ಮಾತಾಡಿದರೋ ಅವರಿಗೆ ಮೊದಲು ಹೋಗುತ್ತದೆ. ಉಯಿಲಿನ ನಿರ್ವಾಹಕರಿಗೆ 1925ರ ಕಾಯ್ದೆ ಹಾಕಿಕೊಟ್ಟಿರುವ ದಾರಿ ಬೇರೆ: ಆಧಾರವಿಲ್ಲದ ಸಾಲಗಳಲ್ಲಿ ಒಂದಕ್ಕಿಂತ ಒಂದು ಮೇಲಲ್ಲ, ಇರುವುದನ್ನು ಸಾಲದ ಪ್ರಮಾಣಕ್ಕೆ ತಕ್ಕಂತೆ ಹಂಚಬೇಕು. ಉಯಿಲಿಲ್ಲದ ಮನೆಯವರೂ ಇದೇ ದಾರಿ ಹಿಡಿದರೆ ಮುಂದೆ ಯಾರೂ ಬೆರಳು ತೋರಿಸಲಾಗದು. 6 ಲಕ್ಷಕ್ಕೆ 1,80,000 ಎಂದರೆ ರೂಪಾಯಿಗೆ 30 ಪೈಸೆ. ಬ್ಯಾಂಕಿಗೆ 1,20,000, ಸಹಕಾರ ಸಂಘಕ್ಕೆ 30,000, ಕೈಸಾಲದವರಿಗೆ 30,000. ಅಲ್ಲಿಗೆ ಅಪ್ಪನ ಹಣ ಮುಗಿಯಿತು. ತಾಯಿ, ಮಗಳು, ಮಗ ಮೂವರ ಕಾನೂನಿನ ಹೊಣೆಯೂ ಈ ಮೂರು ಸಾಲಗಳ ಮಟ್ಟಿಗೆ ಮುಗಿಯಿತು.

ಇಲ್ಲಿ ಒಂದು ಎಚ್ಚರ ಬೇಕು. ಉಳಿತಾಯ ಖಾತೆ ಸಾಲ ಕೊಟ್ಟ ಬ್ಯಾಂಕಿನಲ್ಲೇ ಇದ್ದಿದ್ದರೆ ಬ್ಯಾಂಕು ಆ 70,000ವನ್ನು ತನ್ನ ಸಾಲಕ್ಕೆ ಜಮಾ ಮಾಡಿಕೊಳ್ಳಲು ಮುಂದಾಗುತ್ತದೆ. ಈ ಉದಾಹರಣೆಯಲ್ಲಿ ಖಾತೆ ಬೇರೆ ಬ್ಯಾಂಕಿನಲ್ಲಿದೆ ಎಂದುಕೊಂಡಿದ್ದೇನೆ. ಕೈಸಾಲದ ಪ್ರೋನೋಟಿನ ತಾರೀಖನ್ನೂ ನೋಡಬೇಕು. ಕೇಳಿದಾಗ ಕೊಡುತ್ತೇನೆ ಎಂದು ಬರೆದ ನೋಟಿಗೆ, ಬರೆದ ದಿನದಿಂದ ಮೂರು ವರ್ಷದೊಳಗೆ ದಾವೆ ಹೂಡಬೇಕು. ಅಷ್ಟರೊಳಗೆ ಅಪ್ಪ ಸಹಿ ಹಾಕಿ ಸಾಲ ಒಪ್ಪಿಕೊಂಡಿದ್ದರೆ, ಅಥವಾ ಸ್ವಲ್ಪ ಹಣ ಕಟ್ಟಿ ಅದನ್ನು ಬರಹದಲ್ಲಿ ತೋರಿಸಿದ್ದರೆ, ಅಲ್ಲಿಂದ ಮತ್ತೆ ಮೂರು ವರ್ಷ.

ಇಷ್ಟು ಲೆಕ್ಕ ಸರಿಯಾಗಿದ್ದರೂ ಮನೆಯವರು ಸಿಕ್ಕಿಬೀಳುವುದು ಎರಡು ಕಡೆ. ಮೊದಲನೆಯದು ಲೆಕ್ಕ ಇಡದೆ ಇರುವುದು. ಅಪ್ಪನಿಂದ ಎಷ್ಟು ಬಂತು, ಯಾವುದಕ್ಕೆ ಹೋಯಿತು ಎಂದು ತೋರಿಸುವ ಭಾರ ವಾರಸುದಾರರ ಮೇಲಿದೆ. ತೋರಿಸಲು ಆಗದಿದ್ದರೆ, ಲೆಕ್ಕಕ್ಕೆ ಸಿಗದ ಅಷ್ಟು ಹಣಕ್ಕೆ ಡಿಕ್ರಿಯನ್ನು ವಾರಸುದಾರರ ಸ್ವಂತ ಆಸ್ತಿಯ ಮೇಲೆಯೇ ಜಾರಿ ಮಾಡಬಹುದು ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 52ನೇ ಕಲಂ ಹೇಳುತ್ತದೆ. ಅಪ್ಪನ ಎಟಿಎಂ ಕಾರ್ಡು ಹಿಡಿದು ಹೋಗಿ ಹಣ ತೆಗೆದು ಮನೆಖರ್ಚಿಗೆ ಬಳಸಿದರೆ ಹೀಗೇ ಆಗುತ್ತದೆ. ಒಂದು ನೋಟುಪುಸ್ತಕದಲ್ಲಿ ಎಡಗಡೆ ಬಂದದ್ದು, ಬಲಗಡೆ ಹೋದದ್ದು ಬರೆದು, ಪ್ರತಿ ರಸೀತಿಯನ್ನೂ ಅದಕ್ಕೆ ಸೇರಿಸಿಟ್ಟರೆ ಸಾಕು. ನ್ಯಾಯಾಲಯದ ಸಮನ್ಸು ಬಂದರೆ ಹೋಗಿ, ಈ ಲೆಕ್ಕವನ್ನು ಮುಂದಿಟ್ಟು, ಡಿಕ್ರಿಯಲ್ಲಿ ‘ಮೃತರ ಆಸ್ತಿ ಕೈಸೇರಿದ ಮಟ್ಟಿಗೆ’ ಎಂಬ ಮಾತು ಬರುವಂತೆ ನೋಡಿಕೊಳ್ಳಬೇಕು. ಸಹಕಾರ ಸಂಘದ ಸಾಲವಾದರೆ ವಿವಾದ ಸಾಮಾನ್ಯವಾಗಿ ಸಿವಿಲ್ ನ್ಯಾಯಾಲಯಕ್ಕೆ ಹೋಗದೆ, 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ 70ನೇ ಕಲಂನಡಿ ಸಹಕಾರ ಇಲಾಖೆಯ ಮುಂದೆ ಬರುತ್ತದೆ. ಆ ನೋಟೀಸನ್ನೂ ಅಷ್ಟೇ ಗಂಭೀರವಾಗಿ ತೆಗೆದುಕೊಳ್ಳಬೇಕು.

ಎರಡನೆಯದು ಬಾಗಿಲಲ್ಲಿ ನಡೆಯುವ ಸಹಿ. ವಸೂಲಿಗೆ ಬಂದ ಹುಡುಗ ವಿನಯದಿಂದಲೇ ಮಾತಾಡುತ್ತಾನೆ: ‘ಅಮ್ಮಾ, ಇದಕ್ಕೊಂದು ಸೈನ್ ಹಾಕ್ಬಿಡಿ. ನಮ್ಮ ಮ್ಯಾನೇಜರಿಗೆ ತೋರ್ಸೋಕೆ ಅಷ್ಟೇ. ಹಾಕಿದ್ರೆ ಆರು ತಿಂಗಳು ಯಾರೂ ನಿಮ್ಮನೆ ಕಡೆ ಬರಲ್ಲ.’ ಗಂಡನನ್ನು ಕಳೆದುಕೊಂಡ ಹೆಂಗಸಿಗೆ ಆ ಆರು ತಿಂಗಳ ನೆಮ್ಮದಿ ದೊಡ್ಡದಾಗಿ ಕಾಣುತ್ತದೆ. ಆದರೆ ಕಾಗದದಲ್ಲಿ, ಗಂಡನ ಬಾಕಿ ಇಷ್ಟು, ಅದನ್ನು ಇಂತಿಷ್ಟು ಕಂತಿನಲ್ಲಿ ನಾನು ತೀರಿಸುತ್ತೇನೆ ಎಂದು ಇರಬಹುದು. ಹಾಗೆ ಸಹಿ ಹಾಕಿದರೆ ಅದು ಆಕೆಯೇ ಮಾಡಿಕೊಂಡ ಹೊಸ ಕರಾರು. ಕೈಸೇರಿದ ಆಸ್ತಿಯ ಮಟ್ಟಿಗೆ ಎಂಬ ಮಿತಿ ಅಲ್ಲಿಗೆ ಹೋಯಿತು. ಕಾಗದ ತಂದವರಿಗೆ ಹೇಳಬೇಕಾದ ಮಾತು ಇಷ್ಟೇ: ‘ಏನಿದ್ದರೂ ಬರೆದು ಕಳಿಸಿ, ಓದಿಸಿ ಉತ್ತರ ಕೊಡುತ್ತೇವೆ.’

ಹಾಗೆ ಉತ್ತರ ಬರೆಯುವಾಗ ಮರಣ ಪ್ರಮಾಣಪತ್ರದ ನಕಲು ಲಗತ್ತಿಸಿ ನಾಲ್ಕು ವಿಷಯ ಕೇಳಬೇಕು. ಸಾವಿನ ದಿನಕ್ಕೆ ಬಾಕಿ ಎಷ್ಟಿತ್ತು ಎಂಬ ಲೆಕ್ಕಪಟ್ಟಿ. ಮಂಜೂರಾತಿ ಪತ್ರ ಮತ್ತು ಕರಾರಿನ ನಕಲು. ಆಧಾರ ಏನಾದರೂ ಇದೆಯೆ ಎಂಬ ವಿವರ. ಕೊನೆಯದು, ಬಹಳ ಜನ ಕೇಳಲು ಮರೆಯುವುದು: ಈ ಸಾಲಕ್ಕೆ ವಿಮೆ ಮಾಡಿಸಲಾಗಿತ್ತೆ? ಸಾಲ ಕೊಡುವಾಗಲೇ ವಿಮೆಯ ಕಂತನ್ನು ಮುರಿದುಕೊಂಡಿರುವುದು ಸಾಮಾನ್ಯ. ಮನೆಯವರಿಗೆ ಅದು ಗೊತ್ತಿರುವುದಿಲ್ಲ. ಅಂಥ ವಿಮೆ ಇದ್ದರೆ ಬಾಕಿಯ ಬಹುಭಾಗ ಅಥವಾ ಪೂರ್ತಿ ಅದರಿಂದಲೇ ತೀರಬಹುದು. ಅಪ್ಪನ ಪಾಸ್‌ಪುಸ್ತಕದಲ್ಲಿ ವರ್ಷಕ್ಕೊಮ್ಮೆ 436 ರೂಪಾಯಿ ಕಡಿತವಾಗಿದ್ದರೆ ಅದು ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆಯ ಕಂತು. ನಾಮಿನಿಗೆ 2 ಲಕ್ಷ ಸಿಗುತ್ತದೆ.

ವಸೂಲಿಯವರ ಕಾಟಕ್ಕೂ ಮಿತಿ ಇದೆ. ಬ್ಯಾಂಕು ಮತ್ತು ಫೈನಾನ್ಸ್ ಕಂಪನಿಗಳ ವಸೂಲಿ ಏಜೆಂಟರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಬಾಕಿ ವಸೂಲಿಗೆ ಫೋನು ಮಾಡುವಂತಿಲ್ಲ, ಸಾಲಗಾರರ ಮನೆಯವರನ್ನು ಅವಮಾನಿಸುವಂತಿಲ್ಲ ಎಂದು ರಿಸರ್ವ್ ಬ್ಯಾಂಕು ಹೇಳಿದೆ. ಮೊದಲು ಸಾಲ ಕೊಟ್ಟ ಸಂಸ್ಥೆಗೇ ಬರೆದು ದೂರು ಕೊಡಬೇಕು. 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು. ಅದಕ್ಕೆ ಶುಲ್ಕವಿಲ್ಲ.

ಈಗ ನಮ್ಮ ಉದಾಹರಣೆಯಲ್ಲಿ ಉಳಿದುಹೋದ ಒಬ್ಬರ ಕಡೆ ನೋಡೋಣ: ಪಕ್ಕದ ಮನೆಯ ಜಾಮೀನುದಾರರು. ಸಹಕಾರ ಸಂಘದ 1 ಲಕ್ಷದಲ್ಲಿ ಬಂದದ್ದು 30,000. ಉಳಿದ 70,000 ರೂಪಾಯಿಗೆ ಸಂಘ ಅವರ ಬಾಗಿಲಿಗೆ ಬರುತ್ತದೆ. ಅವರು ಸಂಬಂಧಿಕರಲ್ಲ, ಅಂಗಡಿಯಿಂದ ಒಂದು ಕಾಸು ಲಾಭವನ್ನೂ ಕಂಡವರಲ್ಲ. ‘ಅಣ್ಣಾ, ಸಂಘದಲ್ಲಿ ಜಾಮೀನು ಸಹಿ ಕೇಳ್ತಾರೆ, ನಿಮ್ಮದೊಂದು ಹಾಕಿ’ ಎಂದಾಗ ಇಲ್ಲ ಎನ್ನಲಾರದೆ ಹಾಕಿದವರು. ಕಟ್ಟಿದ ಮೇಲೆ ಸಂಘದ ಹಕ್ಕು ಅವರಿಗೆ ಬರುತ್ತದೆ ಎಂದೆ. ಆದರೆ ಅಪ್ಪ ಬಿಟ್ಟುಹೋದ ಹಣ ಪ್ರಾಮಾಣಿಕವಾಗಿ ಹಂಚಿ ಮುಗಿದಿದೆ. ಅವರ ಹಕ್ಕು ಕಾಗದದಲ್ಲಿ ಉಳಿಯುತ್ತದೆ, ಹಣ ಸಿಗುವುದಿಲ್ಲ. ಇಂಥ ಜಾಮೀನುದಾರರು ಮಾಡಬಹುದಾದ ಕೆಲಸ ಒಂದಿದೆ: ಸಾವಿನ ಸುದ್ದಿ ತಿಳಿದ ಕೂಡಲೇ ಸಂಘಕ್ಕೂ ಮನೆಯವರಿಗೂ ಬರೆದು, ಅಪ್ಪನ ಹಣ ಹಂಚಿಹೋಗುವ ಮುನ್ನ ಸಂಘದ ಬಾಕಿಯನ್ನು ಮನೆಯವರ ಪಟ್ಟಿಗೆ ಸೇರಿಸುವುದು, ಸಾಲಕ್ಕೆ ವಿಮೆ ಇದೆಯೇ ಎಂದು ಕೇಳುವುದು. ಇನ್ನೊಬ್ಬ ಜಾಮೀನುದಾರರು ಇದ್ದಿದ್ದರೆ 70,000ದಲ್ಲಿ ಅರ್ಧವನ್ನು ಅವರಿಂದ ಕೇಳಬಹುದಾಗಿತ್ತು.

ಜಾಮೀನುದಾರರೇ ತೀರಿಕೊಂಡರೆ ಏನು ಎಂದು ಕೆಲವರು ಕೇಳುತ್ತಾರೆ. ಆಗಲೇ ಕೊಟ್ಟಾಗಿರುವ ಸಾಲಕ್ಕೆ ಅವರು ಹೊತ್ತ ಹೊಣೆ ಅವರ ಆಸ್ತಿಯ ಮೇಲೆ ಉಳಿಯುತ್ತದೆ. ಅವರ ಮಕ್ಕಳಿಗೂ ಕೈಗೆ ಬಂದ ಆಸ್ತಿಯ ಮಿತಿಯೇ ಅನ್ವಯಿಸುತ್ತದೆ. ಓವರ್‌ಡ್ರಾಫ್ಟಿನಂತೆ ಮತ್ತೆಮತ್ತೆ ತೆಗೆಯುವ ಸಾಲಕ್ಕೆ ಜಾಮೀನು ನಿಂತಿದ್ದರೆ, ಕರಾರಿನಲ್ಲಿ ಬೇರೆ ರೀತಿ ಬರೆದಿಲ್ಲದ ಪಕ್ಷದಲ್ಲಿ, ಅವರ ಸಾವಿನ ನಂತರ ತೆಗೆದ ಹಣಕ್ಕೆ ಆ ಜಾಮೀನು ನಡೆಯುವುದಿಲ್ಲ.

ಕೇಳುಗರೆ, ಕಾನೂನು ಮಕ್ಕಳನ್ನು ಬಿಡುಗಡೆ ಮಾಡುತ್ತದೆ ಎಂದಾಗ, ಅಪ್ಪನ ಮಾತು ಉಳಿಯಬೇಕಲ್ಲ ಎಂಬ ಸಂಕಟ ಎಷ್ಟೋ ಮಕ್ಕಳಿಗೆ ಉಳಿಯುತ್ತದೆ. ಆ ಸಂಕಟವನ್ನು ನಾನು ಗೌರವಿಸುತ್ತೇನೆ. ಅಂಥವರಿಗೆ ನಾನು ಹೇಳುವುದು ಇಷ್ಟು. ಅಪ್ಪ ಬಿಟ್ಟುಹೋದ ಹಣವನ್ನು ಎಲ್ಲರಿಗೂ ಪ್ರಮಾಣದಂತೆ ಹಂಚಿ, ಲೆಕ್ಕ ಮುಗಿಸಿ. ಆಮೇಲೆ ನಿಮ್ಮ ದುಡಿಮೆಯಲ್ಲಿ ಏನಾದರೂ ಕೊಡುವ ಮನಸ್ಸು, ಶಕ್ತಿ ಇದ್ದರೆ ಅದನ್ನು ಮೊದಲು ಜಾಮೀನುದಾರರಿಗೆ ಕೊಡಿ. ಬ್ಯಾಂಕು ವಾಪಸು ಬರದ ಸಾಲವನ್ನೂ ಲೆಕ್ಕದಲ್ಲಿಟ್ಟುಕೊಂಡೇ ವೈಯಕ್ತಿಕ ಸಾಲಕ್ಕೆ ಹೆಚ್ಚಿನ ಬಡ್ಡಿ ಹಾಕಿರುತ್ತದೆ. ಪಕ್ಕದ ಮನೆಯವರು ಬಡ್ಡಿ ತೆಗೆದುಕೊಂಡಿಲ್ಲ. ನಿಮ್ಮ ಅಪ್ಪನನ್ನು ನಂಬಿ ಸಹಿ ಹಾಕಿದ್ದಾರೆ. ಆ 70,000 ರೂಪಾಯಿಯನ್ನು ತಿಂಗಳಿಗೆ 2,000ದಂತೆ ಕೊಟ್ಟರೂ ಮೂರು ವರ್ಷದೊಳಗೆ ತೀರುತ್ತದೆ. ಕೊಡುವಾಗ ರಸೀತಿ ಪಡೆಯಿರಿ, ‘ಸ್ವಂತ ಇಚ್ಛೆಯಿಂದ ಕೊಟ್ಟದ್ದು’ ಎಂದು ಅದರಲ್ಲಿ ಬರೆಸಿ. ಸಾಲ ಕೊಟ್ಟ ಬೇರೆಯವರು ಅದನ್ನೇ ತೋರಿಸಿ ನಿಮ್ಮನ್ನು ಕಾಡದಿರಲಿ.

ನಾಳೆ ಯಾರಾದರೂ ಒಂದು ಸಹಿ ಕೇಳಿಕೊಂಡು ನಿಮ್ಮ ಬಳಿ ಬಂದರೆ, ಸಹಿ ಹಾಕುವ ಜಾಗದ ಕೆಳಗೆ ಏನು ಅಚ್ಚಾಗಿದೆ ಎಂದು ಓದಿ. ಇಂಗ್ಲಿಷಿನಲ್ಲಿದ್ದರೆ ಓದಿಸಿಕೊಳ್ಳಿ. ಆಮೇಲೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ವ್ಯಕ್ತಿ ನಾಳೆ ಇಲ್ಲವಾದರೆ ಇಷ್ಟೂ ಹಣವನ್ನು ನಾನು ಕಟ್ಟಬಲ್ಲೆನೆ? ಕಟ್ಟಬಲ್ಲೆ ಎನ್ನಿಸಿದರೆ ಸಹಿ ಹಾಕಿ, ಆ ಪತ್ರದ ಒಂದು ನಕಲನ್ನು ಮನೆಯಲ್ಲಿಟ್ಟು, ಮನೆಯವರಿಗೂ ತಿಳಿಸಿ. ಆಗದು ಎನ್ನಿಸಿದರೆ ಅಂದೇ, ಮುಖ ನೋಡಿಯೇ ಇಲ್ಲ ಎನ್ನಿ. ಸಂಬಂಧ ಉಳಿಯಬೇಕೆಂದು ಹಾಕಿದ ಸಹಿಯಿಂದಲೇ ಎರಡು ಮನೆಗಳ ಸಂಬಂಧ ಮುರಿದದ್ದನ್ನು ನನ್ನ ವೃತ್ತಿಯಲ್ಲಿ ಮತ್ತೆ ಮತ್ತೆ ನೋಡಿದ್ದೇನೆ.